ಹೇಳಿದ ಫೋನೇ ಬೇರೆ, ಬಂದ ಫೋನೇ ಬೇರೆ

‘ಫೋನ್ ನಿಧಾನ, ನನಗೆ ಮೋಸವಾಗಿದೆ’ ಎಂದಷ್ಟೇ ಬರೆದ ದೂರು ಗ್ರಾಹಕರ ಆಯೋಗದಲ್ಲಿ ನಿಲ್ಲುವುದು ಕಷ್ಟ. ಫೋನ್ ನಿಧಾನವಾಗಲು ನೂರೆಂಟು ಕಾರಣಗಳಿವೆ. ಅವನ್ನೆಲ್ಲ ಕಂಪನಿಯ ವಕೀಲರು ಹೇಳಿಯೇ ಹೇಳುತ್ತಾರೆ. ಏನು ಕೊಡುತ್ತೇವೆಂದರು, ಏನು ಕೊಟ್ಟರು ಎಂಬುದನ್ನು ದೂರು ಅಕ್ಕಪಕ್ಕ ಇಟ್ಟು ತೋರಿಸಬೇಕು.

ಹಾಸನದವರೊಬ್ಬರು 18,000 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಫೋನ್ ತರಿಸಿದರು ಎಂದುಕೊಳ್ಳಿ. ಜಾಹೀರಾತಿನಲ್ಲಿ ಸ್ಟೋರೇಜ್ ‘128 ಜಿಬಿ, ಯುಎಫ್‌ಎಸ್ 2.2’ ಎಂದಿತ್ತು. ಬಂದದ್ದರಲ್ಲಿ ಇದ್ದದ್ದು ಹಳೆಯ ಬಗೆಯ ಇಎಂಎಂಸಿ 5.1 ಚಿಪ್. ಜಾಗ ಎರಡರಲ್ಲೂ ಒಂದೇ, ವೇಗ ಮಾತ್ರ ಬೇರೆ. ಇಎಂಎಂಸಿ 5.1 ಸೆಕೆಂಡಿಗೆ 400 ಎಂಬಿ ದಾಟಲಾರದು, ಯುಎಫ್‌ಎಸ್ 2.2 ಅದರ ಎರಡು ಪಟ್ಟು ವೇಗದಲ್ಲೂ ಓದಬಲ್ಲದು. ವೇಗ ಅಳೆಯುವ ಆ್ಯಪನ್ನು ಮತ್ತೆ ಮತ್ತೆ ಓಡಿಸಿದರೂ ಅಂಕಿ 280ರ ಆಸುಪಾಸಿನಲ್ಲೇ ನಿಂತರೆ ಅನುಮಾನಕ್ಕೆ ಆಧಾರವಿದೆ. 2017ರಲ್ಲಿ ಹುವಾವೇ ಪಿ10 ಫೋನುಗಳಲ್ಲಿ ಈ ಎರಡೂ ಬಗೆಯ ಚಿಪ್‌ಗಳು ಬೆರೆತಿದ್ದವು.

ಆದರೆ 128 ಜಿಬಿಯಲ್ಲಿ ಅಷ್ಟೂ ಖಾಲಿ ಕಾಣಲಿಲ್ಲವೆಂದು ದೂರಬೇಡಿ. ಫೋನಿನ ಸಾಫ್ಟ್‌ವೇರಿಗೇ ಒಂದಿಷ್ಟು ಜಾಗ ಬೇಕು.

ದೂರಿನ ಮುಖ್ಯಭಾಗ ಹೀಗಿರಲಿ: ‘ಎದುರುದಾರರ ಜಾಹೀರಾತಿನಲ್ಲಿ ಸ್ಟೋರೇಜ್ ಯುಎಫ್‌ಎಸ್ 2.2 ಎಂದಿದೆ (ದಾಖಲೆ 1). ಅದನ್ನು ನಂಬಿ ಫೋನ್ ಕೊಂಡೆ (ದಾಖಲೆ 2, ಬಿಲ್). ಪರೀಕ್ಷಿಸಿದಾಗ ವೇಗ ಇಎಂಎಂಸಿ ಮಟ್ಟದಲ್ಲಿದೆ (ದಾಖಲೆ 3). ಇಮೇಲ್ ಬರೆದರೂ ಪರಿಹಾರ ಸಿಗಲಿಲ್ಲ (ದಾಖಲೆ 4). ಇದು ದಾರಿ ತಪ್ಪಿಸುವ ಜಾಹೀರಾತು ಮತ್ತು ಅನುಚಿತ ವ್ಯಾಪಾರ ಪದ್ಧತಿ.’ ಮಾರಿದವರು, ತಯಾರಿಸಿದವರು ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ಕಂಪನಿ ತನ್ನ ಪುಟವನ್ನು ಯಾವಾಗ ಬೇಕಾದರೂ ತಿದ್ದಬಹುದು. ಹಾಗಾಗಿ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ.

ಮಾರಾಟಗಾರರ ಕಚೇರಿ ಗುರುಗ್ರಾಮದಲ್ಲಿದ್ದರೂ ಹಾಸನದವರು ಹಾಸನದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಆ ಅವಕಾಶ ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

ಆ್ಯಪಿನ ಅಂಕಿಯನ್ನು ಕಂಪನಿ ಒಪ್ಪದೇ ಹೋಗಬಹುದು. ಆಗ ಕಾಯ್ದೆಯ 38ನೇ ಕಲಮಿನಂತೆ ಆಯೋಗವು ಫೋನನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬಲ್ಲದು. ಆ ವೆಚ್ಚವನ್ನು ಮೊದಲು ದೂರುದಾರರೇ ಕಟ್ಟಬೇಕಾಗಬಹುದು. ಈ ಪರೀಕ್ಷೆಯ ಕೋರಿಕೆಯನ್ನು ಅರ್ಜಿಯಲ್ಲೇ ಸೇರಿಸಿ. ಅಲ್ಲಿಯವರೆಗೆ ಫೋನನ್ನು ಯಾವ ರಿಪೇರಿ ಅಂಗಡಿಯಲ್ಲೂ ಬಿಚ್ಚಿಸಬೇಡಿ. ಒಮ್ಮೆ ಬಿಚ್ಚಿದರೆ, ಚಿಪ್ ಬದಲಾದದ್ದು ಅಂಗಡಿಯಲ್ಲೇ ಎಂದು ವಾದಿಸಲು ಕಂಪನಿಗೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.