ಸರಣಿ ಅನುರಣನದಲ್ಲಿ ವೋಲ್ಟೇಜ್ ವರ್ಧನೆ

ಪ್ರತಿರೋಧ, ಪ್ರೇರಕ ಸುರುಳಿ ಹಾಗೂ ಕೆಪಾಸಿಟರ್‌ಗಳನ್ನು ಸರಣಿಯಲ್ಲಿ ಜೋಡಿಸಿದ ಪರ್ಯಾಯ ವಿದ್ಯುತ್ ಮಂಡಲದಲ್ಲಿ, ಅನುರಣನದ ಆವೃತ್ತಿಯಲ್ಲಿ ಕೆಪಾಸಿಟರಿನ ತುದಿಗಳ ನಡುವಿನ ವೋಲ್ಟೇಜ್ ಆಕರದ ವೋಲ್ಟೇಜಿಗಿಂತ ಹಲವು ಪಟ್ಟು ಹೆಚ್ಚಾಗಬಲ್ಲದು. ಇದನ್ನು ವೋಲ್ಟೇಜ್ ವರ್ಧನೆ ಎನ್ನುತ್ತಾರೆ.

ಒಂದು ಉದಾಹರಣೆ

10 ಮಿಲಿಹೆನ್ರಿಯ ಸುರುಳಿ ಮತ್ತು 10 ನ್ಯಾನೋಫ್ಯಾರಡ್‌ನ ಕೆಪಾಸಿಟರ್ ಸರಣಿಯಲ್ಲಿವೆ ಎನ್ನೋಣ. ಸುರುಳಿಯ ತಂತಿಯ ಪ್ರತಿರೋಧ 20 ಓಮ್; ಆಕರದ್ದು 5 ವೋಲ್ಟ್. ಅನುರಣನದ ಆವೃತ್ತಿ

f₀ = 1 / (2π√(LC)) ≈ 15,900 Hz

ಈ ಆವೃತ್ತಿಯಲ್ಲಿ ಸುರುಳಿ ಮತ್ತು ಕೆಪಾಸಿಟರ್ ಎರಡರ ಪ್ರತಿಘಾತವೂ 1,000 ಓಮ್. ಅವು ಪರಸ್ಪರ ವಿರುದ್ಧವಾಗಿರುವುದರಿಂದ ಒಂದನ್ನೊಂದು ರದ್ದುಗೊಳಿಸುತ್ತವೆ. ಪ್ರವಾಹವನ್ನು ತಡೆಯಲು ಉಳಿಯುವುದು 20 ಓಮ್ ಮಾತ್ರ. ಆದುದರಿಂದ ಪ್ರವಾಹ 5/20, ಅಂದರೆ 0.25 ಆಂಪಿಯರ್. ಇದೇ ಪ್ರವಾಹ 1,000 ಓಮ್‌ನ ಕೆಪಾಸಿಟರಿನ ಮೂಲಕವೂ ಹರಿಯಬೇಕಾದ್ದರಿಂದ ಅಲ್ಲಿ 250 ವೋಲ್ಟ್ ಕಾಣಿಸಿಕೊಳ್ಳುತ್ತದೆ. ವರ್ಧನೆಯ ಪ್ರಮಾಣ 50 ಪಟ್ಟು. ಇದೇ ಮಂಡಲದ ಕ್ಯೂ ಅಂಶ:

Q = (1/R)√(L/C) = 50

ಇದರಿಂದ ಕಿರ್ಚಾಫ್‌ನ ನಿಯಮವೇನೂ ಮುರಿಯುವುದಿಲ್ಲ. ಸುರುಳಿಯ ಪ್ರೇರಣೆಯಿಂದ ಹುಟ್ಟುವ ವೋಲ್ಟೇಜೂ 250 ವೋಲ್ಟ್ ಆಗಿದ್ದರೂ, ಪ್ರತಿ ಕ್ಷಣವೂ ಅದು ಕೆಪಾಸಿಟರಿನದಕ್ಕೆ ವಿರುದ್ಧ ದಿಕ್ಕಿನಲ್ಲಿರುತ್ತದೆ. ಎರಡನ್ನೂ ಕೂಡಿದರೆ ಸೊನ್ನೆ. ಆಕರದ 5 ವೋಲ್ಟ್ ಪೂರ್ತಿಯಾಗಿ ಪ್ರತಿರೋಧದ ಪಾಲಾಗುತ್ತದೆ.

ಶಕ್ತಿ ಎಲ್ಲಿಂದ ಬರುತ್ತದೆ?

ವರ್ಧನೆ ಎಂಬ ಹೆಸರು ತುಸು ದಾರಿ ತಪ್ಪಿಸುವಂಥದ್ದು, ಏಕೆಂದರೆ ಇಲ್ಲಿ ಹೊಸ ಶಕ್ತಿ ಸೃಷ್ಟಿಯಾಗುವುದಿಲ್ಲ. ಆಕರವು ಕೊಡುವುದು 1.25 ವ್ಯಾಟ್ ಮಾತ್ರ, ಅದೂ ಪ್ರತಿರೋಧದಲ್ಲಿ ಶಾಖವಾಗುತ್ತದೆ. ಕೆಪಾಸಿಟರಿನಲ್ಲಿರುವುದು ಹಿಂದಿನ ಆವರ್ತಗಳಲ್ಲಿ ಕೂಡಿಟ್ಟ ಶಕ್ತಿ. ಅದು ಕೆಪಾಸಿಟರ್ ಮತ್ತು ಸುರುಳಿಗಳ ನಡುವೆ ಹೋಗಿ ಬರುತ್ತಿರುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳುತ್ತ ಹೋದಂತೆ ತೂಗಾಟ ಹಿರಿದಾಗುವ ಹಾಗೆ, ಒಂದೊಂದು ಆವರ್ತದ ನಷ್ಟವು ಆಕರ ಕೊಡುವ ಶಕ್ತಿಗೆ ಸಮನಾಗುವವರೆಗೆ ವೋಲ್ಟೇಜ್ ಏರುತ್ತದೆ. ಮೇಲಿನ ಮಂಡಲದಲ್ಲಿ ಸ್ವಿಚ್ ಹಾಕಿದ ಬಳಿಕ 250 ವೋಲ್ಟಿನ ಹತ್ತಿರಕ್ಕೆ ಬರಲು ಸುಮಾರು 5 ಮಿಲಿಸೆಕೆಂಡ್, ಅಂದರೆ 80ರಷ್ಟು ಆವರ್ತಗಳು ಬೇಕು.

ಪ್ರಯೋಗದಲ್ಲಿ

ಪ್ರಯೋಗಾಲಯದಲ್ಲಿ 50 ಪಟ್ಟು ಸಿಗದಿರುವುದೇ ಹೆಚ್ಚು. ಸಿಗ್ನಲ್ ಜನರೇಟರಿನ ಆಂತರಿಕ ಪ್ರತಿರೋಧ ಸಾಮಾನ್ಯವಾಗಿ 50 ಓಮ್ ಇರುತ್ತದೆ. ಅದು ಸೇರಿದರೆ ಒಟ್ಟು ಪ್ರತಿರೋಧ 70 ಓಮ್ ಆಗಿ, ಕೆಪಾಸಿಟರಿನ ಮೇಲೆ ಸುಮಾರು 71 ವೋಲ್ಟ್ ಮಾತ್ರ ಬರುತ್ತದೆ. ಇದನ್ನು ಗುರುತಿಸುವುದು ಸುಲಭ: ಅನುರಣನದ ಆವೃತ್ತಿಯನ್ನು ತಲುಪಿದೊಡನೆ ಜನರೇಟರಿನ ತುದಿಗಳಲ್ಲಿ ಅಳೆದ ವೋಲ್ಟೇಜೇ 5ರಿಂದ ಸುಮಾರು 1.4ಕ್ಕೆ ಕುಸಿದಿರುತ್ತದೆ.

ಕೆಪಾಸಿಟರನ್ನು ಆಯುವಾಗ ಆಕರದ ವೋಲ್ಟೇಜನ್ನು ನೋಡಿದರೆ ಸಾಲದು. 250 ವೋಲ್ಟ್ ಎಂಬುದು ಪರಿಣಾಮಕಾರಿ ಮೌಲ್ಯ. ಅದರ ಗರಿಷ್ಠ ಮೌಲ್ಯ ಸುಮಾರು 354 ವೋಲ್ಟ್. 5 ವೋಲ್ಟಿನ ಮಂಡಲವೆಂದು 100 ವೋಲ್ಟ್ ಸಾಮರ್ಥ್ಯದ ಕೆಪಾಸಿಟರ್ ಹಾಕಿದರೆ ಅದರೊಳಗಿನ ನಿರೋಧಕ ಪದರ ಸೀಳಿಹೋಗಬಹುದು.