ಎರಡಕ್ಕೂ ‘ಸವಕಳಿ’ ಸಾಕೇ?

ಪ್ರಶ್ನೆ: ಕಂಪನಿಯ ಲೆಕ್ಕಪತ್ರದಲ್ಲಿ ಡಿಪ್ರಿಸಿಯೇಷನ್, ಅಮಾರ್ಟೈಸೇಷನ್ ಎರಡನ್ನೂ ‘ಸವಕಳಿ’ ಎಂದರೆ ತಪ್ಪೇ?

ಉತ್ತರ: ಲೆಕ್ಕ ತಪ್ಪುವುದಿಲ್ಲ, ಓದುವವರು ತಪ್ಪುತ್ತಾರೆ. 5 ಲಕ್ಷ ರೂಪಾಯಿಯ ಯಂತ್ರವನ್ನು 10 ವರ್ಷಕ್ಕೆ ಸಮನಾಗಿ ಹಂಚಿದರೆ ವರ್ಷಕ್ಕೆ 50,000 ಸವಕಳಿ. 3 ಲಕ್ಷದ, ಮೂರು ವರ್ಷದ ಸಾಫ್ಟ್‌ವೇರ್ ಲೈಸೆನ್ಸಿಗೆ ವರ್ಷಕ್ಕೆ 1 ಲಕ್ಷ. ಗಣಿತ ಒಂದೇ ಆದರೂ ಮೊದಲನೆಯದಕ್ಕೆ ಇಂಡ್ ಎಎಸ್ 16, ಎರಡನೆಯದಕ್ಕೆ 38 ಅನ್ವಯಿಸುತ್ತದೆ. ಆಸ್ತಿಪಟ್ಟಿಯಲ್ಲೂ ಅವು ಬೇರೆ ಬೇರೆ. ಹೀಗಾಗಿ ಎರಡನೆಯದು ‘ಅಮೂರ್ತ ಆಸ್ತಿಯ ಕ್ರಮವಜಾ’ ಆಗಲಿ. ಹೊಸ ಪದ ತೊಡಕಲ್ಲವೇ ಎನ್ನಬಹುದು. ಆದರೆ ಅಮಾರ್ಟೈಸೇಷನ್ ಎಂದೇ ಉಳಿಸಿದರೆ ಸಾಲದ ಕಂತು ತೀರಿಕೆಯೂ ಅದೇ ಹೆಸರಲ್ಲಿ ಬಂದು ಗೊಂದಲ ಹೆಚ್ಚುತ್ತದೆ. ಇದೇ ರೀತಿ ಅಕ್ರೂಯಲ್‌ಗೆ ‘ಸಂಚಿತ’ ಬೇಡ, ಅದು ‘ಸಂಚಿತ ಸವಕಳಿ’ಯಲ್ಲಿ ಆಗಲೇ ಬಳಕೆಯಲ್ಲಿದೆ. ಏಪ್ರಿಲ್‌ನಲ್ಲಿ ಬರುವ ಮಾರ್ಚ್ ತಿಂಗಳ ಕರೆಂಟ್ ಬಿಲ್ಲನ್ನು ‘ಸಂದಾಯವಾಗಬೇಕಾದ ವೆಚ್ಚ’ ಎನ್ನಿ. ನಿಮ್ಮ ಪದಪಟ್ಟಿಯಲ್ಲಿ ಪ್ರತಿ ಪದದ ಪಕ್ಕ ಇಂಥ ಒಂದು ಉದಾಹರಣೆಯನ್ನೂ ಬರೆದಿಡಿ.