ಮೆಟ್ಟಿಲು ಹತ್ತುವಾಗ ಮಂಡಿ ನೋವು: ಎಲ್ಲಿ ಎಂದು ಮೊದಲು ಕೇಳಿ

ಹದಿನಾಲ್ಕರ ಹುಡುಗಿ, 1500 ಮೀಟರ್ ಓಟಗಾರ್ತಿ. ಕ್ರೀಡಾಕೂಟ ಹತ್ತಿರ ಬಂತೆಂದು ವಾರಕ್ಕೆ ಮೂರು ದಿನವಿದ್ದ ಓಟ ಆರು ದಿನಕ್ಕೇರಿತು. ಈಗ ಶಾಲೆಯ ಮೆಟ್ಟಿಲು ಹತ್ತುವಾಗ ಮಂಡಿ ನೋಯುತ್ತದೆ, ಇಳಿಯುವಾಗ ಇನ್ನೂ ಹೆಚ್ಚು. ಸಿನಿಮಾ ಮುಗಿಸಿ ಎದ್ದರೂ ನೋವು. ಬಿದ್ದಿಲ್ಲ, ಊತವಿಲ್ಲ.

ಇಂಥವರಿಗೆ ನಾನು ಮೊದಲು ಹೇಳುವುದು, ನೋವು ಎಲ್ಲಿ ಎಂದು ತೋರಿಸು ಎಂದು. ಈಕೆ ಅಂಗೈಯನ್ನು ಮಂಡಿಚಿಪ್ಪಿನ ಮೇಲಿಟ್ಟು ಸುತ್ತಲೂ ಸವರುತ್ತಾಳೆ. ಬಸ್ಕಿ ಹೊಡೆಸಿದರೆ ಅದೇ ನೋವು ಮರುಕಳಿಸುತ್ತದೆ. ಇದು ಮಂಡಿಚಿಪ್ಪಿಗೂ ತೊಡೆಮೂಳೆಗೂ ನಡುವಿನ ಕೀಲಿನ ನೋವು. ವೈದ್ಯರು ಪಟೆಲೊಫೆಮೊರಲ್ ನೋವು ಎನ್ನುತ್ತಾರೆ. ಮಂಡಿ ಮಡಿಸಿ ಭಾರ ಹೊತ್ತಾಗ ಚಿಪ್ಪು ಮೂಳೆಗೆ ಒತ್ತುತ್ತದೆ. ಒಮ್ಮೆಲೇ ಏರಿದ ಓಟಕ್ಕೆ ಆ ಜಾಗ ಇನ್ನೂ ಒಗ್ಗಿಕೊಂಡಿಲ್ಲ. ‘ಮಂಡಿ ಸವೆದಿದೆ’ ಎಂದು ಮಕ್ಕಳನ್ನು ಹೆದರಿಸುವುದು ತಪ್ಪು. ಲಕ್ಷಣ ಇಷ್ಟು ಸ್ಪಷ್ಟವಾಗಿದ್ದರೆ ಸಾಮಾನ್ಯವಾಗಿ ಎಂಆರ್‌ಐ ಕೂಡ ಬೇಕಾಗುವುದಿಲ್ಲ.

ಅಂಗೈಯ ಬದಲು ಒಂದೇ ಬೆರಳಿಟ್ಟು ತೋರಿಸಿದರೆ ಕಥೆ ಬೇರೆ. ಚಿಪ್ಪಿನ ಕೆಳಗೆ, ಕೆಳಗಾಲಿನ ಮೂಳೆಯ ಉಬ್ಬಿನ ಮೇಲೆ ಒತ್ತಿದಾಗ ನೋವಾದರೆ ಅದು ಆಸ್ಗುಡ್-ಶ್ಲಾಟರ್. ಬೆಳೆಯುವ ಮೂಳೆಯನ್ನು ಸ್ನಾಯುರಜ್ಜು ಎಳೆದೆಳೆದು ಬರುವಂಥದ್ದು. ಚಿಪ್ಪಿನ ಕೆಳತುದಿಯಲ್ಲೇ ನೋವಿದ್ದರೆ ತೊಂದರೆ ಆ ರಜ್ಜು ಅಂಟಿಕೊಳ್ಳುವ ಜಾಗದ್ದು. ಮಂಡಿ ಊದಿದರೆ, ನಡುವೆ ಸಿಕ್ಕಿಕೊಂಡಂತೆ ನಿಂತುಬಿಟ್ಟರೆ ಕೀಲಿನ ಒಳಗನ್ನು ನೋಡಲೇಬೇಕು. ಮಲಗಿದಾಗಲೂ ಬಿಡದೆ ರಾತ್ರಿ ಎಬ್ಬಿಸುವ ನೋವು, ಜ್ವರ, ಮೂಳೆಯ ಮೇಲೆ ಗಡ್ಡೆ ಕಂಡರೆ ತಡಮಾಡದೆ ಎಕ್ಸ್‌ರೇ ಆಗಬೇಕು; ಈ ವಯಸ್ಸಿನ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಮಂಡಿಯ ಆಸುಪಾಸಿನಲ್ಲೇ ಕಾಣಿಸಿಕೊಳ್ಳುತ್ತದೆ.

ನನಗೆ ಅತಿ ಹೆಚ್ಚು ಆತಂಕ ತರುವುದು, ಮಂಡಿ ನೋವೆಂದು ಬಂದ ಮಗುವಿನ ಸೊಂಟದ ಕೀಲನ್ನು ಯಾರೂ ಮುಟ್ಟಿಯೇ ನೋಡದಿರುವುದು. ಬೆಳೆಯುವ ವಯಸ್ಸಿನಲ್ಲಿ ತೊಡೆಮೂಳೆಯ ತಲೆ ತನ್ನ ಜಾಗದಿಂದ ಜಾರಬಹುದು. ತೂಕ ಹೆಚ್ಚಿರುವ ಮಕ್ಕಳಲ್ಲಿ ಇದು ಹೆಚ್ಚು, ಸಪೂರ ಮಕ್ಕಳಿಗೂ ಬರದೆ ಇರುವುದಿಲ್ಲ. ಕೆಲವೊಮ್ಮೆ ನೋವು ಸೊಂಟದಲ್ಲಿ ಇರುವುದೇ ಇಲ್ಲ, ತೊಡೆ ಮಂಡಿಗಳಲ್ಲಿ ಮಾತ್ರ. ಮಗು ಕುಂಟುತ್ತದೆ, ಪಾದ ಹೊರಕ್ಕೆ ತಿರುಗಿರುತ್ತದೆ. ಅಂಗಾತ ಮಲಗಿಸಿ ಮಂಡಿಯನ್ನು ಎದೆಯತ್ತ ಮಡಿಸಿದರೆ ಕಾಲು ನೇರ ಬಾರದೆ ತಾನಾಗಿ ಹೊರಕ್ಕೆ ವಾಲುತ್ತದೆ. ಹಾಗೆ ಕಂಡರೆ ಮಗುವನ್ನು ನಡೆಸದೆ, ಅದೇ ದಿನ ಎರಡೂ ಸೊಂಟಗಳ ಎಕ್ಸ್‌ರೇ ಮಾಡಿಸಬೇಕು. ತಡವಾದಷ್ಟೂ ಮೂಳೆ ಇನ್ನಷ್ಟು ಜಾರುತ್ತದೆ.

ನಮ್ಮ ಹುಡುಗಿಯ ಸೊಂಟ ಸಲೀಸಾಗಿ ತಿರುಗಿತು. ಅವಳಿಗೆ ಪೂರ್ತಿ ವಿಶ್ರಾಂತಿ ಬೇಡ. ಓಟ ಮತ್ತೆ ಮೂರು ದಿನಕ್ಕಿಳಿಯಲಿ, ಏರು ಮತ್ತು ವೇಗದ ಓಟ ಸದ್ಯಕ್ಕೆ ನಿಲ್ಲಲಿ. ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಅಂಗಾತ ಮಲಗಿ ಪೃಷ್ಠ ಎತ್ತುವುದು, ಕುರ್ಚಿಯಿಂದ ನಿಧಾನಕ್ಕೆ ಎದ್ದು ಕೂರುವುದು, ಆಮೇಲೆ ಗಿಡ್ಡ ಮೆಟ್ಟಿಲು ಹತ್ತುವುದು: ಇವು ವಾರಕ್ಕೆ ಮೂರು ಸಲ, ಕನಿಷ್ಠ ಆರರಿಂದ ಹನ್ನೆರಡು ವಾರ. ಹತ್ತಕ್ಕೆ ಎರಡು ಮೂರರಷ್ಟು ನೋವು ಬಂದು ಮರುದಿನಕ್ಕೆ ಇಳಿದರೆ ಮುಂದುವರಿಸಬಹುದು. ಇಳಿಯದಿದ್ದರೆ ಹಿಂದಿನ ದಿನದ ಅಳತೆ ಜಾಸ್ತಿಯಾಯಿತೆಂದೇ ಅರ್ಥ, ಒಂದು ಹಂತ ಕಡಿಮೆ ಮಾಡಬೇಕು. ಕೆಲವರಿಗೆ ಈ ನೋವು ತಿಂಗಳುಗಟ್ಟಲೆ ಕಾಡುತ್ತದೆ ಎಂಬುದನ್ನು ಮನೆಯವರಿಗೂ ತರಬೇತುದಾರರಿಗೂ ಮೊದಲ ದಿನವೇ ತಿಳಿಸುತ್ತೇನೆ.